ಕೂದಲು ಟೋಪಿಯಾದಾಗ: ಫೋಟೊದಲ್ಲಿ ಕೇಶವಿನ್ಯಾಸ ಬದಲಿಸುವಾಗ ಬರುವ ಬಣ್ಣದ ದೋಷ ಹುಡುಕುವುದು

ಡೊಂಬಿವಲಿಯಲ್ಲಿ ನಮ್ಮ ಅತ್ತಿಗೆಯ ಸಣ್ಣ ಬ್ಯೂಟಿ ಪಾರ್ಲರ್ ಇದೆ. ಮದುವೆ ಸೀಸನ್ ಬಂತೆಂದರೆ ಗಿರಾಕಿಗಳು ಮೊಬೈಲಿನಲ್ಲಿ ಯಾರದ್ದೋ ಫೋಟೊ ತೆಗೆದು ತೋರಿಸಿ, "ನನಗೂ ಹೀಗೇ ಮಾಡಿ" ಅನ್ನುತ್ತಾರೆ. ಮಾಡಿದ ಮೇಲೆ ಕನ್ನಡಿ ನೋಡಿ ಮುಖ ಸಪ್ಪೆ ಮಾಡುತ್ತಾರೆ. "ಮೊದಲೇ ಅವರ ಮುಖಕ್ಕೆ ಹೊಂದಿಸಿ ತೋರಿಸೋದಕ್ಕೆ ಆಗಲ್ವಾ? ನೀನು ಕಂಪ್ಯೂಟರ್ ಕೆಲಸದವನಲ್ವಾ?" ಎಂದು ಅತ್ತಿಗೆ ಕೇಳಿದರು. ಹಾಗೆ ಶುರುವಾದದ್ದು ಇದು.

ಕೆಲಸದ ಹಾದಿ ಸರಳ. ಮಾದರಿ ಫೋಟೊದಲ್ಲಿ ಕೂದಲು ಎಲ್ಲಿದೆ ಎಂದು ಗುರುತಿಸಬೇಕು. ಅದನ್ನು ಕತ್ತರಿಸಿ, ಗಿರಾಕಿಯ ಕಣ್ಣುಗಳ ಅಳತೆಗೆ ಹಿಗ್ಗಿಸಿ, ತಿರುಗಿಸಿ, ತಲೆಯ ಮೇಲೆ ಕೂರಿಸಬೇಕು. ಆಮೇಲೆ ಆ ಕೂದಲಿಗೆ ಗಿರಾಕಿಯ ಕೂದಲಿನ ಬಣ್ಣ ಕೊಡಬೇಕು. ಕೂದಲು ಗುರುತಿಸಲು ನಾನು ಬಳಸಿದ್ದು ಬೈಸೆನೆಟ್ ಎಂಬ ಮಾಡೆಲ್. ಅದು 512ಕ್ಕೆ 512 ಪಿಕ್ಸೆಲ್‌ನ ಮುಖದ ಚಿತ್ರ ತೆಗೆದುಕೊಂಡು ಪ್ರತಿ ಪಿಕ್ಸೆಲ್‌ಗೂ 0ರಿಂದ 18ರವರೆಗಿನ ಒಂದು ನಂಬರ್ ಕೊಡುತ್ತದೆ. ಇದು ಚರ್ಮ, ಇದು ಮೂಗು, ಇದು ಕೂದಲು ಅಂತ. ಉಳಿದದ್ದೆಲ್ಲ ಓಪನ್‌ಸಿವಿ ಮತ್ತು ಪೈಥಾನ್.

ಈ ಬರಹ ಅದನ್ನು ಕಟ್ಟುವ ಬಗ್ಗೆ ಅಲ್ಲ. ಕಟ್ಟಿದ ಮೇಲೆ ಬಣ್ಣ ಕೆಟ್ಟರೆ ತಪ್ಪು ಎಲ್ಲಿದೆ ಎಂದು ಹುಡುಕುವ ಬಗ್ಗೆ.

ಏನು ಕಂಡಿತು

ಮೊದಲ ನಾಲ್ಕೈದು ಪ್ರಯೋಗ ಚೆನ್ನಾಗೇ ಬಂದವು. ಪಾರ್ಲರಿಗೆ ಬರುವ ಇಬ್ಬರು ಹುಡುಗಿಯರ ಕೂದಲನ್ನು ಅದಲುಬದಲು ಮಾಡಿದ್ದೆ. ಆಮೇಲೆ ಒಬ್ಬ ಮದುಮಗಳು ಬಂದಳು. ಅವಳು ತಂದ ಮಾದರಿ ಫೋಟೊದಲ್ಲಿ ಪಕ್ಕದ ಬೈತಲೆ, ಸ್ವಲ್ಪ ಎತ್ತರಕ್ಕೆ ಕಟ್ಟಿದ ತುರುಬು, ತುರುಬಿನ ಸುತ್ತ ಒತ್ತಾಗಿ ಮಲ್ಲಿಗೆ, ಕಿವಿಯ ಹತ್ತಿರ ಇಳಿಬಿಟ್ಟ ಎರಡು ಮುಂಗುರುಳು. ಅವಳದ್ದು ಸ್ವಲ್ಪ ಕಂದು ಬಣ್ಣದ ಕೂದಲು. ಮಾದರಿಯದ್ದು ಅಪ್ಪಟ ಕಪ್ಪು.

ಫಲಿತಾಂಶ ನೋಡಿ ಅತ್ತಿಗೆ ಒಂದೇ ಮಾತು ಹೇಳಿದರು: "ಇದು ಕೂದಲಲ್ಲ ಮಾರಾಯ, ಟೋಪಿ." ನಿಜ. ಎಳೆ ಎಳೆಯಾಗಿ ಕಾಣಬೇಕಾದ ಕೂದಲು ಮೇಣ ಸುರಿದಂತೆ ಸಪಾಟಾಗಿತ್ತು. ಹೊಳಪಿಲ್ಲ, ನೆರಳಿಲ್ಲ. ಮಲ್ಲಿಗೆಯಂತೂ ವಿಭೂತಿ ಉಂಡೆಗಳ ಹಾಗೆ ಬೂದು ಬಣ್ಣಕ್ಕೆ ತಿರುಗಿತ್ತು.

ಮರುದಿನ ಇನ್ನೊಬ್ಬರಿಗೆ ಹೂವಿಲ್ಲದ ಮಾದರಿ ಹಾಕಿ ನೋಡಿದೆ. ಆಗ ತೀರಾ ಉಲ್ಟಾ. ಕೂದಲಿನ ಒಂದೊಂದು ಎಳೆಯೂ ಚಾಕ್‌ಪೀಸಿನಲ್ಲಿ ಗೀಚಿದಂತೆ ಬಿಳಿ-ಕಪ್ಪು, ಬಿಳಿ-ಕಪ್ಪು. ನಡುವೆ ಅಲ್ಲಲ್ಲಿ ಚುಕ್ಕೆಗಳು ಬೇರೆ.

ಒಂದರಲ್ಲಿ ಸಪಾಟು, ಇನ್ನೊಂದರಲ್ಲಿ ಗೀರುಗೀರು. ಎರಡು ಬೇರೆ ಬೇರೆ ರೋಗ ಅಂದುಕೊಂಡೆ. ಎರಡು ರಾತ್ರಿ ಹೋದದ್ದು ಅದರಿಂದಲೇ.

ಮೊದಲು ಸುಲಭದ ತಪ್ಪುಗಳನ್ನು ಪಕ್ಕಕ್ಕಿಡಿ

ಒಂದೇ ಫೋಟೊವನ್ನು ಮಾದರಿಯಾಗಿಯೂ ಗಿರಾಕಿಯಾಗಿಯೂ ಕೊಡಿ. ಅಂದರೆ ಒಬ್ಬಳ ಕೂದಲನ್ನು ಅವಳ ತಲೆಗೇ ಹಾಕಿ. ಬರುವ ಚಿತ್ರ ಮೂಲದ ಹಾಗೇ ಇರಬೇಕು. ಎರಡನ್ನೂ ಕಳೆದು ನೋಡಿದರೆ ಹೆಚ್ಚುಕಮ್ಮಿ ಪೂರ್ತಿ ಕಪ್ಪು ಚಿತ್ರ ಬರಬೇಕು. ಹಾಗೆ ಬರಲಿಲ್ಲ ಅಂದರೆ ತಪ್ಪು ಬಣ್ಣದ ಲೆಕ್ಕದ್ದಲ್ಲ, ಕೋಡಿನದ್ದು.

ಈ ಪರೀಕ್ಷೆಗೆ ಸಿಕ್ಕದ, ಆದರೂ ಮೊದಲೇ ನೋಡಿಕೊಳ್ಳಬೇಕಾದ ತಪ್ಪುಗಳಲ್ಲಿ ಒಂದು ನನಗೆ ಇನ್ನೂ ನಗು ತರಿಸುತ್ತದೆ. ಈ ಮಾಡೆಲ್ ಕಲಿತಿರುವುದು 30,000 ಮುಖಚಿತ್ರಗಳ ಒಂದು ಸಂಗ್ರಹದಿಂದ. ಆ ಸಂಗ್ರಹದ ಮೂಲ ಪಟ್ಟಿಯಲ್ಲಿ ಕೂದಲಿನ ನಂಬರ್ 13, ಕುತ್ತಿಗೆಯದ್ದು 17. ಆದರೆ ಜಾಸ್ತಿ ಜನ ಬಳಸುವ ಬೈಸೆನೆಟ್ ಕೋಡಿನಲ್ಲಿ ಕೂದಲು 17. ಒಂದರ ಪಟ್ಟಿ ನೋಡಿ ಇನ್ನೊಂದಕ್ಕೆ ಬರೆದರೆ ಕೂದಲಿನ ಜಾಗದಲ್ಲಿ ಬೇರೆಯದೇ ಅಂಗ ಕತ್ತರಿಸಿ ಬರುತ್ತದೆ. ಯಾವ ಪಟ್ಟಿ ಎಂದು ನಂಬಿ ಕೂರಬೇಡಿ. ಆ ನಂಬರಿನ ಪಿಕ್ಸೆಲ್‌ಗಳಿಗೆ ಹಸಿರು ಬಣ್ಣ ಬಳಿದು ಕಣ್ಣಾರೆ ನೋಡಿ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ನಂಬರುಗಳ ಆ ನಕ್ಷೆಯನ್ನು ಹಿಗ್ಗಿಸುವಾಗ ಮಾಮೂಲಿ ನಯವಾದ ವಿಧಾನ, ಅಂದರೆ `INTER_LINEAR`, ಬಳಸಿದರೆ ಕೂದಲಿನ 17 ಮತ್ತು ಹಿನ್ನೆಲೆಯ 0 ಬೆರೆತು ನಡುವೆ 8ರಂಥ ನಂಬರುಗಳು ಹುಟ್ಟುತ್ತವೆ. ಆ ಕೋಡಿನಲ್ಲಿ 8 ಅಂದರೆ ಕಿವಿ! ಕೂದಲಿನ ಅಂಚಿನ ಸುತ್ತ ಸಾಲಾಗಿ ಕಿವಿ. ನಂಬರಿನ ನಕ್ಷೆಗೆ ಯಾವಾಗಲೂ `INTER_NEAREST` ಬಳಸಿ. ಇಲ್ಲವೇ ಮೊದಲೇ ಕೂದಲು ಹೌದು-ಅಲ್ಲ ಎಂಬ ಕಪ್ಪು-ಬಿಳಿ ಮಾಸ್ಕ್ ಮಾಡಿಕೊಂಡು ಅದನ್ನು ಹಿಗ್ಗಿಸಿ. ಎರಡನೆಯದೇ ಒಳ್ಳೆಯದು, ಅಂಚು ನಯವಾಗಿರುತ್ತದೆ.

ನನ್ನ ಕೋಡು ತನ್ನ ತಲೆಗೇ ಹಾಕುವ ಪರೀಕ್ಷೆಯಲ್ಲಿ ಪಾಸಾಯಿತು. ಪೂರ್ತಿ ಕಪ್ಪು ಚಿತ್ರ ಬಂತು. ಹಾಗಾದರೆ ಬಣ್ಣದ ಹಂತವೂ ಸರಿ ಇದೆ ಎಂದು ತೀರ್ಮಾನಿಸಿದೆ. ಅಲ್ಲೇ ಎಡವಿದ್ದು. ಯಾಕೆಂದು ಹೇಳಬೇಕಾದರೆ ಬಣ್ಣದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು.

ಬಣ್ಣದ ಲೆಕ್ಕ

ರೈನ್‌ಹಾರ್ಡ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ವಿಧಾನವೇ ಇಂದಿಗೂ ಇಂಥ ಕೆಲಸಕ್ಕೆ ಮೊದಲ ಆಯ್ಕೆ. ಚಿತ್ರವನ್ನು ಬೆಳಕು ಒಂದು ಕಡೆ, ಬಣ್ಣ ಒಂದು ಕಡೆ ಇರುವ ಪದ್ಧತಿಗೆ ತರುತ್ತೀರಿ. ಅವರು ಬಳಸಿದ್ದು ಬೇರೆ ಪದ್ಧತಿ. ನಾವು ಹೆಚ್ಚಿನವರು ಲ್ಯಾಬ್ ಬಳಸುತ್ತೇವೆ. ಅದರಲ್ಲಿ `L` ಅಂದರೆ ಬೆಳಕು, `a` ಅಂದರೆ ಹಸಿರಿನಿಂದ ಕೆಂಪಿನ ಕಡೆಗೆ, `b` ಅಂದರೆ ನೀಲಿಯಿಂದ ಹಳದಿಯ ಕಡೆಗೆ. ಓಪನ್‌ಸಿವಿಯ ಮಾಮೂಲಿ 8 ಬಿಟ್ ಚಿತ್ರದಲ್ಲಿ ಮೂರೂ 0ರಿಂದ 255ರ ಅಳತೆಗೆ ಬರುತ್ತವೆ. ಬಣ್ಣವೇ ಇಲ್ಲದ ಬೂದಿಗೆ `a`, `b` ಎರಡೂ 128.

ಆಮೇಲೆ ಎರಡೂ ಕೂದಲುಗಳ ಸರಾಸರಿ ಮತ್ತು ಹರಡು ಲೆಕ್ಕ ಹಾಕುತ್ತೀರಿ. ಹರಡು ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್. ಕೂದಲಿನ ಹೊಳೆಯುವ ಎಳೆಗೂ ನೆರಳಿನ ಎಳೆಗೂ ಎಷ್ಟು ಅಂತರ ಎಂದು ಅದು ಹೇಳುತ್ತದೆ.

```
out = (L - mean_ref) * (std_cust / std_ref) + mean_cust
```

ಮಾದರಿಯ ಸರಾಸರಿ ಕಳೆ, ಹರಡನ್ನು ಗಿರಾಕಿಯ ಹರಡಿಗೆ ಹೊಂದಿಸು, ಗಿರಾಕಿಯ ಸರಾಸರಿ ಕೂಡಿಸು. ಅಷ್ಟೇ.

ಈಗ ನೋಡಿ, ಎರಡೂ ಕಡೆ ಒಂದೇ ಫೋಟೊ ಇದ್ದರೆ ಕಳೆದದ್ದೇ ಕೂಡುತ್ತದೆ, ಗುಣಿಸುವುದು 1ರಿಂದ. ಸರಾಸರಿ ಎಷ್ಟೇ ತಪ್ಪಿರಲಿ, ಮಾಸ್ಕಿನೊಳಗೆ ಗೋಡೆಯೇ ಬಂದಿರಲಿ, ಉತ್ತರ ಸರಿಯಾಗೇ ಬರುತ್ತದೆ. ತನ್ನ ತಲೆಗೇ ಹಾಕುವ ಪರೀಕ್ಷೆಗೆ ಮಾಸ್ಕಿನ ಕೊಳೆ ಕಾಣುವುದೇ ಇಲ್ಲ. ಕೋಡು ಸರಿಯಿದೆಯಾ ಎಂದು ಮಾತ್ರ ಅದು ಹೇಳಬಲ್ಲದು. ಅಳತೆ ಸರಿಯಿದೆಯಾ ಎಂದು ಹೇಳಲಾರದು.

ಹಾಗಾಗಿ ಎರಡನೆಯ ಪರೀಕ್ಷೆ ಬೇಕು. ಬಣ್ಣದ ಹಂತವನ್ನೇ ಆಫ್ ಮಾಡಿ, ಮಾದರಿಯ ಕೂದಲನ್ನು ಇದ್ದ ಬಣ್ಣದಲ್ಲೇ ಕೂರಿಸಿ. ನನಗೆ ಎಳೆಎಳೆಯಾದ ಚಂದದ ಕಪ್ಪು ಕೂದಲು, ಬೆಳ್ಳಗಿನ ಮಲ್ಲಿಗೆ ಬಂತು. ಅಂದರೆ ಕತ್ತರಿಸುವುದು, ಕೂರಿಸುವುದು ಸರಿ. ಕೆಡುತ್ತಿರುವುದು ಬಣ್ಣದ ಹಂತದಲ್ಲಿ. ಕೋಡು ಸರಿಯಿದ್ದೂ ಕೆಡುತ್ತಿದೆ ಅಂದರೆ ಅದಕ್ಕೆ ಹೋಗುವ ಸಂಖ್ಯೆಗಳೇ ತಪ್ಪು.

ಮಾಸ್ಕಿನೊಳಗೆ ಏನಿದೆ ಎಂದು ಕೇಳುವುದು

ಮಾಸ್ಕನ್ನು ಫೋಟೊದ ಮೇಲೆ ಹಸಿರಾಗಿ ಹರಡಿ ನೋಡಿದೆ. ಮಲ್ಲಿಗೆ ಪೂರ್ತಿ ಹಸಿರು. ಮಾಡೆಲ್‌ನ 19 ನಂಬರುಗಳಲ್ಲಿ ಟೋಪಿಗೆ ಜಾಗವಿದೆ, ಕಿವಿಯೋಲೆಗೆ ಇದೆ, ಕನ್ನಡಕಕ್ಕೆ ಇದೆ. ಹೂವಿಗೆ ಇಲ್ಲ. ತುರುಬಿನ ನಡುವೆ ಕೂತಿರುವ ಬಿಳಿ ವಸ್ತುವಿಗೆ ಅದು ಏನಾದರೊಂದು ಹೆಸರು ಕೊಡಲೇಬೇಕಲ್ವಾ, ಸುತ್ತ ಇರುವುದು ಕೂದಲು, ಇದೂ ಕೂದಲು ಎಂದುಬಿಟ್ಟಿದೆ. ಮಾಟುಂಗ ಮಾರ್ಕೆಟಿನ ಹೂವಿನಂಗಡಿಗಳ ಮುಂದೆ ಒಂದು ಸಂಜೆ ನಿಂತಿದ್ದರೆ ಅದಕ್ಕೂ ಗೊತ್ತಾಗುತ್ತಿತ್ತು.

ಕಣ್ಣಿಗೆ ಕಂಡದ್ದನ್ನು ಸಂಖ್ಯೆಯಲ್ಲೂ ಹಿಡಿಯಬಹುದು. ಮೂರೇ ಸಾಲು:

```python
lab = cv2.cvtColor(img, cv2.COLOR_BGR2LAB)
v = lab[..., 0][mask > 0]
print(v.mean(), np.median(v), v.std())
```

ಮದುಮಗಳ ಮಾದರಿ ಫೋಟೊಗೆ ಬಂದದ್ದು ಸರಾಸರಿ 58, ಮೀಡಿಯನ್ 42, ಹರಡು 56. ಮೀಡಿಯನ್ ಅಂದರೆ ಎಲ್ಲ ಪಿಕ್ಸೆಲ್‌ಗಳನ್ನು ಕಪ್ಪಿನಿಂದ ಬಿಳಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಪಿಕ್ಸೆಲ್‌ನ ಬೆಲೆ. ಒಂದಷ್ಟು ಬಿಳಿ ಹೂವು ಬಂದು ಸೇರಿದರೆ ಸರಾಸರಿ ಜಗ್ಗುತ್ತದೆ, ಮೀಡಿಯನ್ ಅಷ್ಟಾಗಿ ಜಗ್ಗುವುದಿಲ್ಲ. ಎರಡರ ನಡುವೆ 16ರ ಅಂತರ ಬಂದರೆ ಒಳಗೆ ಬೇರೇನೋ ಇದೆ ಎಂದೇ ಅರ್ಥ. ನಾನು 8ಕ್ಕಿಂತ ಜಾಸ್ತಿ ಅಂತರವಿದ್ದರೆ ಅನುಮಾನ ಪಡುತ್ತೇನೆ. ಅದು ನನ್ನ ಅಂದಾಜಿನ ಗೆರೆ. ಎಣ್ಣೆ ಹಚ್ಚಿದ ಕೂದಲ ಮೇಲೆ ಫ್ಲಾಶ್ ಬಿದ್ದಿದ್ದರೂ ಸ್ವಲ್ಪ ಅಂತರ ಬರುತ್ತದೆ.

ಹೂವನ್ನು ಕೈಯಾರೆ ಅಳಿಸಿ ಮತ್ತೆ ಅಳೆದೆ. ಬರೀ ಕೂದಲಿಗೆ ಸರಾಸರಿ 40, ಹರಡು 14. ಹೂವಿನ ಬೆಲೆ ಸುಮಾರು 220. ಮಾಸ್ಕಿನಲ್ಲಿ ಹೂವಿನ ಪಾಲು ನೂರಕ್ಕೆ 10 ಮಾತ್ರ. ನೂರಕ್ಕೆ ಹತ್ತು ಅಂದರೆ ಸರಾಸರಿ ಸ್ವಲ್ಪ ಏರಬಹುದು ಅಷ್ಟೇ ಅನ್ನಿಸುತ್ತದೆ. ಆದರೆ ಹರಡಿನ ಲೆಕ್ಕದಲ್ಲಿ ದೂರವನ್ನು ವರ್ಗ ಮಾಡುತ್ತೇವೆ. ಹೂವು ಕೂದಲಿನಿಂದ 180 ದೂರದಲ್ಲಿದೆ. ಅದರ ವರ್ಗ 32,400. ಹತ್ತರಲ್ಲೊಂದು ಪಾಲಿದ್ದರೂ ಅದೇ ಇಡೀ ಲೆಕ್ಕವನ್ನು ನುಂಗುತ್ತದೆ. ಸರಾಸರಿ ಕೆಟ್ಟದ್ದು 18, ಹರಡು ಕೆಟ್ಟದ್ದು ನಾಲ್ಕು ಪಟ್ಟು.

ಈಗ ಈ ತಪ್ಪು ಸಂಖ್ಯೆಗಳನ್ನು ಸೂತ್ರಕ್ಕೆ ಹಾಕೋಣ. ಮದುಮಗಳ ಸ್ವಂತ ಕೂದಲಿಗೆ ಸರಾಸರಿ 46, ಹರಡು 16. ಗುಣಿಸುವ ಸಂಖ್ಯೆ 16 ಭಾಗಿಸು 56, ಸುಮಾರು 0.29. ಮಾದರಿಯಲ್ಲಿ ನೆರಳಿನ ಎಳೆ 26, ಹೊಳೆಯುವ ಎಳೆ 54 ಇತ್ತು ಅನ್ನಿ. ಅವು 37 ಮತ್ತು 45 ಆಗುತ್ತವೆ. 28ರ ಅಂತರ ಕುಗ್ಗಿ 8. ಇದೇ ಟೋಪಿ. 220ರ ಹೂವು 92ಕ್ಕೆ ಇಳಿಯುತ್ತದೆ. ಇದೇ ವಿಭೂತಿ.

ಸರಿಯಾದ ಸಂಖ್ಯೆ ಹಾಕಿದರೆ ಗುಣಿಸುವುದು 16 ಭಾಗಿಸು 14, ಅಂದರೆ 1.14. ನೆರಳಿನ ಎಳೆ 30, ಹೊಳೆಯುವ ಎಳೆ 62. ಅಂತರ 32. ಕೂದಲು ಕೂದಲಿನ ಹಾಗಿರುತ್ತದೆ.

ಇನ್ನೊಂದು ರೋಗವೂ ಇದೇ

ಚಾಕ್‌ಪೀಸಿನ ಗೀರು ಬಂದ ಫೋಟೊವನ್ನು ಹೀಗೇ ಅಳೆದೆ. ಅಲ್ಲಿ ಮಾದರಿ ಸ್ವಚ್ಛವಾಗಿತ್ತು. ಗಿರಾಕಿಯ ಫೋಟೊ ಕೆಟ್ಟಿತ್ತು. ಪಾರ್ಲರಿನ ಬಿಳಿ ಗೋಡೆಯ ಮುಂದೆ ಕೂದಲು ಬಿಚ್ಚಿ ನಿಂತಿದ್ದಳು. ಎಳೆಗಳ ನಡುವೆ ಕಾಣುವ ಗೋಡೆಯೆಲ್ಲ ಮಾಸ್ಕಿನೊಳಗೆ. ಗೋಡೆಯ ಬೆಲೆ 230, ಪಾಲು ನೂರಕ್ಕೆ 8 ಎಂದು ಇಟ್ಟು ಅದೇ 46, 16ರ ಕೂದಲಿಗೆ ಲೆಕ್ಕ ಹಾಕಿದರೆ ಸರಾಸರಿ ಸುಮಾರು 61ಕ್ಕೂ ಹರಡು 52ಕ್ಕೂ ಏರುತ್ತವೆ. ಗುಣಿಸುವ ಸಂಖ್ಯೆ 52 ಭಾಗಿಸು 14, ಅಂದರೆ 3.7. ಆಗ ಮಾದರಿಯ 26 ಹೋಗಿ 9 ಆಗುತ್ತದೆ, 54 ಹೋಗಿ 113. ಇದೇ ಗೀರು.

ಹಾಗಾಗಿ ಚಿತ್ರ ನೋಡಿದ ಕೂಡಲೇ ಯಾವ ಫೋಟೊ ಕೆಟ್ಟಿದೆ ಎಂದು ಹೇಳಬಹುದು. ಕೂದಲು ಸಪಾಟಾಗಿದ್ದರೆ ಮಾದರಿಯ ಮಾಸ್ಕ್ ನೋಡಿ. ಗೀರುಗೀರಾಗಿದ್ದರೆ ಗಿರಾಕಿಯ ಮಾಸ್ಕ್ ನೋಡಿ. ಸೂತ್ರದಲ್ಲಿ ಒಂದು ಮೇಲಿದೆ, ಇನ್ನೊಂದು ಕೆಳಗಿದೆ, ಅದಕ್ಕೇ ಉಲ್ಟಾ ಕಾಣುವುದು.

ಗೀರಿನ ನಡುವಿನ ಚುಕ್ಕೆಗಳ ಕತೆ ಚಿಕ್ಕದು. ಬೆಲೆ 0ಯ ಕೆಳಗೆ ಹೋದಾಗ ಅದನ್ನು ನೇರ 8 ಬಿಟ್‌ಗೆ ಬದಲಿಸಿದರೆ ಅದು ಸುತ್ತು ಹೊಡೆದು 250ರ ಹತ್ತಿರ ಬಂದು ನಿಲ್ಲುತ್ತದೆ. ಕಡುಕಪ್ಪು ಎಳೆಯ ಮೇಲೆ ಬಿಳಿ ಚುಕ್ಕೆ. ಬದಲಿಸುವ ಮುಂಚೆ `np.clip(out, 0, 255)` ಹಾಕಿದರೆ ಹೋಗುತ್ತದೆ. ಆದರೆ ಚುಕ್ಕೆ ಹೋದ ಮಾತ್ರಕ್ಕೆ ಗೀರು ಹೋಗುವುದಿಲ್ಲ. ನಾನು ಮೊದಲು ಇದನ್ನೇ ಸರಿ ಮಾಡಿ ಸುಮ್ನೆ ಖುಷಿಪಟ್ಟಿದ್ದೆ.

ಇನ್ನು ಮೊದಲ ಪ್ರಯೋಗಗಳು ಯಾಕೆ ಚೆನ್ನಾಗಿ ಬಂದವು? ಆ ಇಬ್ಬರು ಹುಡುಗಿಯರ ಫೋಟೊ ತೆಗೆದದ್ದೂ ಅದೇ ಬಿಳಿ ಗೋಡೆಯ ಮುಂದೆ. ಎರಡೂ ಮಾಸ್ಕುಗಳು ಹೆಚ್ಚುಕಮ್ಮಿ ಒಂದೇ ಥರ ಕೆಟ್ಟಿದ್ದವು. ಮೇಲಿನ ತಪ್ಪನ್ನು ಕೆಳಗಿನ ತಪ್ಪು ಹೊಡೆದುಹಾಕಿತು. 52 ಭಾಗಿಸು 56 ಅಂದರೆ 1ರ ಹತ್ತಿರವೇ ಅಲ್ವಾ? ಆದ್ದರಿಂದ ಪರೀಕ್ಷೆಗೆ ಬೇಕೆಂದೇ ಬೇರೆ ಬೇರೆ ಹಿನ್ನೆಲೆಯ ಫೋಟೊ ತೆಗೆದುಕೊಳ್ಳಿ. ಒಂದು ಬಿಳಿ ಗೋಡೆ, ಒಂದು ಕಪ್ಪು ಪರದೆ.

ಸರಿಪಡಿಸಿದ್ದು

ಕತ್ತರಿಸುವ ಮಾಸ್ಕಿನಿಂದಲೇ ಅಳತೆಯನ್ನೂ ತೆಗೆಯುತ್ತಿದ್ದುದು ಮೂಲ ತಪ್ಪು. ಎರಡೂ ಕೆಲಸಕ್ಕೆ ಬೇಕಾದದ್ದು ಬೇರೆ. ಕತ್ತರಿಸುವಾಗ ಹಾರಾಡುವ ಎಳೆಯೂ ಬೇಕು, ಹೂವೂ ಬೇಕು. ಅಳೆಯುವಾಗ ಅನುಮಾನವಿಲ್ಲದ ಕೂದಲು ಮಾತ್ರ ಬೇಕು, ಸ್ವಲ್ಪವಿದ್ದರೂ ಸಾಕು. ಅದಕ್ಕೆ ಅಳತೆಯ ಮಾಸ್ಕನ್ನು ಬೇರೆ ಮಾಡಿದೆ. ಮೊದಲು ಅಂಚಿನಿಂದ 7 ಪಿಕ್ಸೆಲ್ ಒಳಗೆ ಸವೆಸಿದೆ. ಗೋಡೆ, ಹಣೆಯ ಚರ್ಮ ಬಹುತೇಕ ಅಲ್ಲೇ ಹೋಗುತ್ತವೆ. ಹೂವು ನಡುವೆಯೇ ಇರುವುದರಿಂದ ಸವೆಸಿದರೂ ಉಳಿಯುತ್ತದೆ. ಅದಕ್ಕೆ ಮೀಡಿಯನ್‌ನಿಂದ ತುಂಬಾ ದೂರ ಇರುವುದನ್ನೆಲ್ಲ ಬಿಟ್ಟೆ.

```python
k = cv2.getStructuringElement(cv2.MORPH_ELLIPSE, (15, 15))
core = cv2.erode(mask, k) > 0
Lf = lab[..., 0].astype(np.float32)
med = np.median(Lf[core])
mad = 1.4826 * np.median(np.abs(Lf[core] - med))
stat = core & (np.abs(Lf - med) < 3 * mad)
```

`mad` ಎನ್ನುವುದು ಹರಡಿನದ್ದೇ ಇನ್ನೊಂದು ಅಳತೆ. ಇದರಲ್ಲಿ ದೂರವನ್ನು ವರ್ಗ ಮಾಡುವುದಿಲ್ಲ, ಮೀಡಿಯನ್ ತೆಗೆಯುತ್ತೇವೆ. ಹಾಗಾಗಿ ಹೂವಿಗೆ ಇದನ್ನು ಕೆಡಿಸುವ ಶಕ್ತಿ ಕಡಿಮೆ. 1.4826 ಯಾಕೆಂದರೆ ಮಾಮೂಲಿ ಗಂಟೆಯಾಕಾರದ ಹಂಚಿಕೆಯಲ್ಲಿ ಅದು ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ಸಮನಾಗಿ ಬರಲಿ ಎಂದು. ಮದುಮಗಳ ಮಾದರಿಗೆ ಮೇಲಿನ ಗೆರೆ ಸುಮಾರು 90ರಲ್ಲಿ ಬಿತ್ತು. 54ರ ಹೊಳಪು ಒಳಗೆ, 220ರ ಮಲ್ಲಿಗೆ ಹೊರಗೆ.

ಅಳತೆ ಸರಿಯಾದರೂ ಮಲ್ಲಿಗೆಯ ಕೆಲಸ ಮುಗಿಯಲಿಲ್ಲ. ಸರಿಯಾದ ಸೂತ್ರವನ್ನೂ ಹೂವಿನ ಮೇಲೆ ಓಡಿಸಬಾರದು. ಓಡಿಸಿದರೆ 220 ಏರಿ 252 ಆಗುತ್ತದೆ, ಅದಕ್ಕಿಂತ ಬೆಳ್ಳಗಿನ ಎಸಳು 255ಕ್ಕೆ ಬಡಿದು ಕರಗಿ ಸುಣ್ಣದ ಉಂಡೆಯಾಗುತ್ತದೆ. ಹಾಗಾಗಿ ಮೂರನೆಯ ಮಾಸ್ಕ್: ಕತ್ತರಿಸುವುದು ಎಲ್ಲವನ್ನೂ, ಬಣ್ಣ ಕೊಡುವುದು ಆ ಗೆರೆಯ ಕೆಳಗಿನದ್ದಕ್ಕೆ ಮಾತ್ರ. ಗೆರೆಯಲ್ಲಿ ಥಟ್ಟನೆ ನಿಲ್ಲಿಸದೆ ನಾಲ್ಕೈದು ಪಿಕ್ಸೆಲ್ ಮಸುಕು ಮಾಡಿದರೆ ಹೂವಿನ ಬುಡದಲ್ಲಿ ಗೆರೆ ಕಾಣುವುದಿಲ್ಲ.

ಕನಕಾಂಬರ ಮತ್ತು ಗುಲಾಬಿ

ಬೆಳಕಿನ ಲೆಕ್ಕ ಮಾತ್ರ ನೋಡಿದರೆ ಸಾಲದು. ಒಂದು ಮಾದರಿಯಲ್ಲಿ ಮಲ್ಲಿಗೆಯ ಜೊತೆ ಕನಕಾಂಬರ ಇತ್ತು. ಇಲ್ಲಿಯವರು ಅಬೋಲಿ ಅನ್ನುತ್ತಾರೆ, ನಮ್ಮ ಕರಾವಳಿಯಲ್ಲಿ ಅಬ್ಬಲಿಗೆ. ಹಳೆಯ ಕೋಡಿನಲ್ಲಿ ಅದನ್ನು ಓಡಿಸಿದಾಗ ಕೂದಲಿಗೆ ನೀಲಿ-ಹಸಿರು ಛಾಯೆ ಬಂದಿತ್ತು. ಕಾರಣ ಅದೇ. ಕಿತ್ತಳೆ ಹೂವು `a` ಮತ್ತು `b` ಎರಡರ ಸರಾಸರಿಯನ್ನೂ ಮೇಲಕ್ಕೆಳೆಯುತ್ತದೆ. ಸೂತ್ರ ಆ ಏರಿದ ಸರಾಸರಿಯನ್ನು ಕೂದಲಿನಿಂದ ಕಳೆಯುತ್ತದೆ. ಕೆಂಪು, ಹಳದಿ ಜಾಸ್ತಿ ಕಳೆದರೆ ಉಳಿಯುವುದು ಹಸಿರು, ನೀಲಿ. ಕೂದಲಿಗೆ ಬಂದ ತಪ್ಪು ಬಣ್ಣದ ಎದುರು ಬಣ್ಣದ ವಸ್ತುವನ್ನು ಮಾದರಿಯ ಮಾಸ್ಕಿನಲ್ಲಿ ಹುಡುಕಿ, ಸಿಗುತ್ತದೆ.

ಕನಕಾಂಬರದ ಬೆಳಕು ಸಾಕಷ್ಟು ಜಾಸ್ತಿ, `L` ಗೆರೆಯಲ್ಲೇ ಹೊರಗೆ ಹೋಗುತ್ತದೆ. ಕಡುಕೆಂಪು ಗುಲಾಬಿ ಹೋಗುವುದಿಲ್ಲ. ಅದರ ಬೆಳಕು ಕೂದಲಿನ ಹೊಳಪಿನ ಹತ್ತಿರವೇ ಇರುತ್ತದೆ. ಅದಕ್ಕೆ `a`, `b`ಗೂ ಇದೇ ಗೆರೆ ಹಾಕಬೇಕು. ಆದರೆ ಇಲ್ಲೊಂದು ಮುಳ್ಳಿದೆ. ಕಪ್ಪು ಕೂದಲಿನಲ್ಲಿ `a`, `b` ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ, ಹರಡು 1 ಅಥವಾ 2. ಅದರ ಮೂರು ಪಟ್ಟು ಅಂದರೂ ಗೆರೆ ತೀರಾ ಬಿಗಿ. ಒಳ್ಳೆಯ ಕೂದಲೂ ಹೊರಗೆ ಹೋಗುತ್ತದೆ. ಹಾಗಾಗಿ `mad` 4ಕ್ಕಿಂತ ಕಡಿಮೆ ಬಂದರೆ 4 ಎಂದೇ ಹಿಡಿಯುತ್ತೇನೆ.

ಆ ಸಣ್ಣ ಹರಡು ಇನ್ನೊಂದು ಕಡೆಯೂ ಕಾಡುತ್ತದೆ. ಮಾದರಿಯ `b` ಹರಡು 2, ಬಣ್ಣ ಹಾಕಿಸಿಕೊಂಡ ಗಿರಾಕಿಯದ್ದು 6 ಇದ್ದರೆ ಮೂರರಿಂದ ಗುಣಿಸುತ್ತೇವೆ. ಏನನ್ನು ಗುಣಿಸುತ್ತಿದ್ದೇವೆ? ಕಪ್ಪು ಕೂದಲಿನಲ್ಲಿ ಬಣ್ಣವೇ ಇಲ್ಲ. ಇರುವುದು ಜೆಪೆಗ್ ಕುಗ್ಗಿಸಿದಾಗ ಉಳಿದ ಕಸ. ಮೊಬೈಲಿನಿಂದ ಮೊಬೈಲಿಗೆ ಹತ್ತು ಸಲ ಹೋಗಿಬಂದ ಫೋಟೊದಲ್ಲಿ ಆ ಕಸ ಜಾಸ್ತಿ. ಜೆಪೆಗ್‌ನಲ್ಲಿ ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿ ಇಡುವುದರಿಂದ ಒಂದೊಂದು ಬಣ್ಣದ ಚೌಕ 16ಕ್ಕೆ 16 ಪಿಕ್ಸೆಲ್‌ನಷ್ಟು ಜಾಗ ಹಿಡಿಯುತ್ತದೆ. ಅದನ್ನು ಮೂರು ಪಟ್ಟು ಮಾಡಿದರೆ ಕೂದಲಿನ ಮೇಲೆ ನೇರಳೆ, ಹಸಿರು ತೇಪೆ. ಚೌಕಾಕಾರದ ತೇಪೆ ಕಂಡರೆ ಮಾಸ್ಕ್ ಹುಡುಕುತ್ತಾ ಕೂರಬೇಡಿ. `a`, `b`ಗೆ ಗುಣಿಸುವುದನ್ನೇ ಬಿಟ್ಟು ಸರಾಸರಿ ಮಾತ್ರ ಸರಿಸಿ. ನಾನು ಈಗ ಯಾವಾಗಲೂ ಹಾಗೇ ಮಾಡುತ್ತೇನೆ. `L`ಗೆ ಗುಣಿಸುವ ಸಂಖ್ಯೆಯನ್ನೂ 0.7 ಮತ್ತು 1.5ರ ನಡುವೆ ಕಟ್ಟಿಹಾಕಿದ್ದೇನೆ. ಅದನ್ನು ಮೀರಿದರೆ ಪ್ರೋಗ್ರಾಂ ಎಚ್ಚರಿಕೆ ಕೊಡುತ್ತದೆ. ಗುಟ್ಟಾಗಿ ಕಟ್ಟಿಹಾಕಿ ಸುಮ್ಮನಿರುವುದು ತಪ್ಪು, ಕೆಟ್ಟ ಮಾಸ್ಕ್ ಅಡಗಿಬಿಡುತ್ತದೆ.

ಅಂಚಿನ ಬಿಳಿ ಗೆರೆ

ಬಣ್ಣ ಸರಿಯಾದ ಮೇಲೂ ಕೂದಲಿನ ಸುತ್ತ ಸಣ್ಣ ಬಿಳಿ ಗೆರೆ ಉಳಿದಿತ್ತು. ಇದು ಅಳತೆಯ ತಪ್ಪಲ್ಲ. ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ಕೂದಲು, ಅರ್ಧ ಮಾದರಿಯ ಹಿನ್ನೆಲೆ ಬೆರೆತಿರುತ್ತದೆ. ಆ ಹಿನ್ನೆಲೆಯನ್ನೂ ಹೊತ್ತು ತಂದಿದ್ದೇವೆ. ಮಾಸ್ಕನ್ನು ಎಷ್ಟು ಮಸುಕು ಮಾಡಿದರೂ ಅದು ಹೋಗುವುದಿಲ್ಲ, ಅಗಲವಾಗುತ್ತದೆ ಅಷ್ಟೇ. ಒಳಗಿನ ಕೂದಲಿನ ಬಣ್ಣವನ್ನೇ ಹೊರಗೆ ಹರಡಿ ಅಂಚಿಗೆ ತುಂಬಬೇಕು:

```python
k3 = np.ones((7, 7), np.uint8)
w = cv2.erode(mask, k3).astype(np.float32) / 255
num = cv2.GaussianBlur(img.astype(np.float32) * w[..., None], (0, 0), 4)
fill = num / (cv2.GaussianBlur(w, (0, 0), 4)[..., None] + 1e-4)
```

ಒಳಗೆ ಮೂಲ ಚಿತ್ರ, ಅಂಚಿನ ಪಟ್ಟಿಯಲ್ಲಿ `fill`. ಇದಕ್ಕೊಂದು ಬೆಲೆ ಕೊಡಬೇಕು. ಕಿವಿಯ ಪಕ್ಕದ ಮುಂಗುರುಳಿನಂಥ ಸಣ್ಣ ಎಳೆ ಏಳು ಪಿಕ್ಸೆಲ್‌ಗಿಂತ ತೆಳುವಿದ್ದರೆ ಸವೆಸುವಾಗಲೇ ಮಾಯವಾಗುತ್ತದೆ. ಮುಂಗುರುಳು ಇರುವ ಜಾಗವನ್ನು ನಾನು ಕೈಯಿಂದ ಗುರುತಿಸಿ ಬಿಟ್ಟುಬಿಡುತ್ತೇನೆ.

ಗಿರಾಕಿಯ ಹಳೆಯ ಕೂದಲು ಹೊಸದರ ಕೆಳಗಿನಿಂದ ಇಣುಕುವುದು ಬೇರೆಯೇ ತೊಂದರೆ. ಉದ್ದ ಕೂದಲಿನವಳಿಗೆ ತುರುಬು ಹಾಕಿದರೆ ಭುಜದ ಮೇಲಿನ ಕೂದಲನ್ನು ಅಳಿಸಿ ಅಲ್ಲಿ ಕುತ್ತಿಗೆ, ಸೀರೆ ಹುಟ್ಟಿಸಬೇಕು. ಓಪನ್‌ಸಿವಿಯ `cv2.inpaint` ಅಷ್ಟು ದೊಡ್ಡ ಜಾಗಕ್ಕೆ ಆಗುವುದಿಲ್ಲ, ಬಳಿದಂತೆ ಕಾಣುತ್ತದೆ. ಅತ್ತಿಗೆ ಸುಲಭದ ದಾರಿ ಹಿಡಿದರು. ಫೋಟೊ ತೆಗೆಯುವ ಮುಂಚೆ ಗಿರಾಕಿಗೆ ಕೂದಲು ಹಿಂದಕ್ಕೆ ಕಟ್ಟಿಕೊಳ್ಳಲು ಹೇಳುತ್ತಾರೆ.

ಈ ಮದ್ದು ಎಲ್ಲಿ ಕೆಲಸ ಮಾಡುವುದಿಲ್ಲ

ಮೀಡಿಯನ್ ನಂಬುವುದು ಮಾಸ್ಕಿನಲ್ಲಿ ಕೂದಲೇ ದೊಡ್ಡ ಪಾಲು ಇರುವವರೆಗೆ. ಜಡೆ ತುಂಬಾ ಹೂವು ಮುಚ್ಚಿ, ಕೂದಲು ಅಲ್ಲಲ್ಲಿ ಮಾತ್ರ ಕಾಣುವ ಮಾದರಿ ಬಂದರೆ ಮೀಡಿಯನ್ ಹೂವಿನ ಕಡೆಗೇ ವಾಲುತ್ತದೆ. ಆಗ ಕೂದಲೇ ಕಸ ಎಂದು ಹೊರಗೆ ಹೋಗುತ್ತದೆ. ಅಂಥ ಫೋಟೊದಲ್ಲಿ ಬೈತಲೆಯ ಪಕ್ಕದ ಒಂದು ಸಣ್ಣ ಚೌಕವನ್ನು ಮೌಸಿನಲ್ಲಿ ಎಳೆದು ಅಲ್ಲಿಂದಲೇ ಅಳತೆ ತೆಗೆಯುವುದು ಮೇಲು.

ಇನ್ನೊಂದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಮದುಮಗಳ ಜೊತೆ ಬಂದಿದ್ದ ಅವಳ ದೊಡ್ಡಮ್ಮ "ನನಗೂ ಒಂದು ತೋರಿಸಪ್ಪ" ಎಂದು ಕೂತರು. ಅಲ್ಲಲ್ಲಿ ನರೆತ ತಲೆ. ಬಂದ ಚಿತ್ರದಲ್ಲಿ ಒಂದೂ ಬಿಳಿ ಕೂದಲಿಲ್ಲ. ಕಡುಕಪ್ಪು. ನನ್ನ ಹೊಸ ಗೆರೆ ಅವರ ನರೆಯನ್ನೆಲ್ಲ ಮಲ್ಲಿಗೆ ಎಂದು ತಿಳಿದು ಅಳತೆಯಿಂದ ಹೊರಗೆ ಹಾಕಿತ್ತು. ನರೆತ ಕೂದಲಿನಲ್ಲಿ ಹರಡು ದೊಡ್ಡದಿರುವುದೇ ಸರಿ, ಸರಾಸರಿಗೂ ಮೀಡಿಯನ್‌ಗೂ ಅಂತರ ಇರುವುದೇ ಸರಿ. ಅದು ಕೊಳೆ ಅಲ್ಲ. ಸಂಖ್ಯೆ ನೋಡಿ ನರೆ ಯಾವುದು, ಗೋಡೆ ಯಾವುದು ಎಂದು ಹೇಳಲು ನನಗೆ ದಾರಿ ಸಿಗಲಿಲ್ಲ. ಕೊನೆಗೆ ಪರದೆಯ ಮೇಲೆ "ನರೆ ಇದೆ" ಎಂಬ ಒಂದು ಟಿಕ್ ಬಾಕ್ಸ್ ಇಟ್ಟೆ. ಅದನ್ನು ಒತ್ತಿದರೆ ಗಿರಾಕಿಯ ಫೋಟೊಗೆ ಅಂಚು ಸವೆಸುವುದು ಮಾತ್ರ, ಗೆರೆ ಇಲ್ಲ.

ದೊಡ್ಡಮ್ಮನವರು ಮಾತ್ರ ಟಿಕ್ ಹಾಕದ ಚಿತ್ರವನ್ನೇ ತಮ್ಮ ಮೊಬೈಲಿಗೆ ಕಳಿಸಿಕೊಂಡರು.